ಯೆನ್ ಸಾಲ, ಆಸ್ಟ್ರೇಲಿಯನ್ ಡಾಲರ್ ಠೇವಣಿ

2007ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ ತನ್ನ ಬಡ್ಡಿದರವನ್ನು ಶೇ 6.5ಕ್ಕೆ ಏರಿಸಿತು. ಜಪಾನಿನ ಕೇಂದ್ರ ಬ್ಯಾಂಕಿನ ದರ ಆಗ ಶೇ 0.5 ಮಾತ್ರ. ಎರಡೂ ಶ್ರೀಮಂತ ದೇಶಗಳು, ಎರಡರ ಬ್ಯಾಂಕುಗಳೂ ಗಟ್ಟಿ, ದುಡ್ಡು ಅತ್ತಿಂದಿತ್ತ ಹೋಗುವುದಕ್ಕೆ ಅಡ್ಡಿಯಿಲ್ಲ. ಹಾಗಿದ್ದ ಮೇಲೆ ಜಪಾನಿನಲ್ಲಿ ಅರ್ಧ ಪರ್ಸೆಂಟಿಗೆ ಸಾಲ ಮಾಡಿ ಆಸ್ಟ್ರೇಲಿಯಾದಲ್ಲಿ ಆರೂವರೆ ಪರ್ಸೆಂಟಿಗೆ ಇಟ್ಟು, ನಡುವಿನ ಆರು ಪರ್ಸೆಂಟನ್ನು ಜೇಬಿಗಿಳಿಸಬಾರದೇಕೆ? ಈ ಪ್ರಶ್ನೆ ಯಾರಿಗಾದರೂ ಹೊಳೆಯುತ್ತದೆ. ಹಾಗೆ ಮಾಡಿದವರು ಲಕ್ಷಾಂತರ ಮಂದಿ. ಪೇಟೆಯಲ್ಲಿ ಈ ವ್ಯವಹಾರಕ್ಕೆ ಕ್ಯಾರಿ ಟ್ರೇಡ್ ಎಂದು ಹೆಸರು.

ಅರ್ಥಶಾಸ್ತ್ರದ ಪಠ್ಯಪುಸ್ತಕ ಇದಕ್ಕೆ ಕೊಡುವ ಉತ್ತರ ಸರಳ: ಬಡ್ಡಿಯಲ್ಲಿ ಗಳಿಸಿದ್ದು ವಿನಿಮಯ ದರದಲ್ಲಿ ಹೋಗುತ್ತದೆ. ಯಾವ ಕರೆನ್ಸಿಗೆ ಬಡ್ಡಿ ಹೆಚ್ಚೋ ಅದು ಆ ವ್ಯತ್ಯಾಸದಷ್ಟೇ ಅಗ್ಗವಾಗುತ್ತಾ ಹೋಗಬೇಕು. ಇಲ್ಲದಿದ್ದರೆ ಎಲ್ಲರೂ ಕಡಿಮೆ ಬಡ್ಡಿಯ ಕರೆನ್ಸಿಯನ್ನು ಮಾರಿ ಹೆಚ್ಚು ಬಡ್ಡಿಯದನ್ನು ಕೊಳ್ಳುತ್ತಲೇ ಇರುತ್ತಾರಲ್ಲವೇ? ಈ ವಾದದ ಹೆಸರು ಅನ್‌ಕವರ್ಡ್ ಇಂಟರೆಸ್ಟ್ ಪ್ಯಾರಿಟಿ. ಇಲ್ಲಿ ಅದನ್ನು ಬಡ್ಡಿ ಸಮತೆ ಎಂದು ಕರೆಯುತ್ತೇನೆ. ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಕಳೆದ ಐದು ದಶಕಗಳ ವಿನಿಮಯ ದರಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ವರ್ಷ ಎರಡು ವರ್ಷದ ಅವಧಿಯಲ್ಲಿ ಅದು ಸೋತದ್ದೇ ಹೆಚ್ಚು. ಯಾಕೆ ಸೋಲುತ್ತದೆ ಎಂಬುದು ನನಗೆ ಅಂತರರಾಷ್ಟ್ರೀಯ ಹಣಕಾಸಿನ ಅತ್ಯಂತ ಕುತೂಹಲದ ಪ್ರಶ್ನೆಯಾಗಿ ಕಂಡಿದೆ. ಅದಕ್ಕೆ ಯೆನ್ ಮತ್ತು ಆಸ್ಟ್ರೇಲಿಯನ್ ಡಾಲರಿನ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಮೊದಲು ಲೆಕ್ಕ ಮಾಡೋಣ. ಒಂದು ಆಸ್ಟ್ರೇಲಿಯನ್ ಡಾಲರಿಗೆ 100 ಯೆನ್ ಎಂದಿಟ್ಟುಕೊಳ್ಳಿ. ಒಬ್ಬರು ಒಂದು ಕೋಟಿ ಯೆನ್ ಸಾಲ ತೆಗೆದು ಅದನ್ನು ಒಂದು ಲಕ್ಷ ಆಸ್ಟ್ರೇಲಿಯನ್ ಡಾಲರ್ ಮಾಡಿಕೊಂಡು ಶೇ 6.5ರ ಬಡ್ಡಿಗೆ ಇಡುತ್ತಾರೆ. ವರ್ಷ ತುಂಬಿದಾಗ ಕೈಯಲ್ಲಿ 1,06,500 ಡಾಲರ್. ತೀರಿಸಬೇಕಾದ ಸಾಲ, ಶೇ 0.5ರ ಬಡ್ಡಿ ಸೇರಿ, 1,00,50,000 ಯೆನ್. ಎರಡನ್ನೂ ಭಾಗಿಸಿದರೆ 94.37 ಬರುತ್ತದೆ. ಡಾಲರ್ ಬೆಲೆ ವರ್ಷದ ಕೊನೆಗೆ 94.37 ಯೆನ್‌ಗೆ ಇಳಿದಿದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಡ್ಡಿ ಸಮತೆ ಹೇಳುವುದು ಇಷ್ಟೇ: ಸರಾಸರಿಯಾಗಿ ಬೆಲೆ ಅಲ್ಲಿಗೇ ಇಳಿಯುತ್ತದೆ. ಬೆಲೆ ಕದಲದೆ 100ರಲ್ಲೇ ನಿಂತರೆ ಆರು ಲಕ್ಷ ಯೆನ್ ಲಾಭ. 104ಕ್ಕೆ ಏರಿದರೆ ಹತ್ತು ಲಕ್ಷ ದಾಟುತ್ತದೆ. 65ಕ್ಕೆ ಬಿದ್ದರೆ ಮೂವತ್ತೊಂದು ಲಕ್ಷಕ್ಕೂ ಹೆಚ್ಚು ನಷ್ಟ.

ಆ 94.37 ಎಂಬ ಸಂಖ್ಯೆ ಇನ್ನೊಂದು ಕಡೆಯೂ ಕಾಣಿಸಿಕೊಳ್ಳುತ್ತದೆ. ಒಂದು ವರ್ಷದ ನಂತರ ಡಾಲರನ್ನು ಯಾವ ಬೆಲೆಗೆ ಕೊಳ್ಳುತ್ತೀರಿ ಎಂದು ಇವತ್ತೇ ಬ್ಯಾಂಕನ್ನು ಕೇಳಿದರೆ ಬ್ಯಾಂಕ್ ಹೇಳುವುದೂ ಹೆಚ್ಚುಕಡಿಮೆ ಅದೇ ಬೆಲೆ. ಇದು ಫಾರ್ವರ್ಡ್ ದರ. ಬ್ಯಾಂಕಿನವರು ಇದಕ್ಕಾಗಿ ಭವಿಷ್ಯ ನೋಡುವುದಿಲ್ಲ. ಅವರು ಇವತ್ತೇ ಆಸ್ಟ್ರೇಲಿಯನ್ ಡಾಲರ್ ಸಾಲ ತೆಗೆದು, ಯೆನ್ ಮಾಡಿಕೊಂಡು, ಜಪಾನಿನಲ್ಲಿ ಇಟ್ಟು ಆ ಒಪ್ಪಂದವನ್ನು ಸರಿದೂಗಿಸಿಕೊಳ್ಳಬಲ್ಲರು. ಆ ಸರಿದೂಗಿಸುವ ಖರ್ಚೇ ಫಾರ್ವರ್ಡ್ ದರ. ಕೇನ್ಸ್ 1923ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಹೀಗೆ ಫಾರ್ವರ್ಡ್ ಒಪ್ಪಂದ ಮಾಡಿ ಅಪಾಯ ಕಳೆದುಕೊಂಡವರಿಗೆ ಕ್ಯಾರಿ ಟ್ರೇಡ್‌ನಲ್ಲಿ ಏನೂ ಉಳಿಯದು. ಇದು ಕವರ್ಡ್ ಸಮತೆ. 2008ರ ಬಿಕ್ಕಟ್ಟಿನವರೆಗೆ ದೊಡ್ಡ ಕರೆನ್ಸಿಗಳಲ್ಲಿ ಇದು ಕೂದಲೆಳೆಯಷ್ಟೂ ತಪ್ಪದೆ ನಡೆಯುತ್ತಿತ್ತು, ಏಕೆಂದರೆ ಇದರಲ್ಲಿ ಯಾರೂ ಏನನ್ನೂ ಊಹಿಸಬೇಕಿಲ್ಲ. ಅನ್‌ಕವರ್ಡ್ ಸಮತೆಯ ಮಾತೇ ಬೇರೆ. ಒಪ್ಪಂದ ಮಾಡಿಕೊಳ್ಳದೆ ವರ್ಷದ ಕೊನೆಯ ಬೆಲೆ ಏನಾಗುತ್ತದೋ ನೋಡೋಣ ಎಂದು ಕುಳಿತವರಿಗೂ ಸರಾಸರಿ ಏನೂ ಉಳಿಯದು ಎಂದು ಅದು ಹೇಳುತ್ತದೆ. ಅಂದರೆ ಫಾರ್ವರ್ಡ್ ದರವೇ ಭವಿಷ್ಯದ ದರದ ಒಳ್ಳೆಯ ಅಂದಾಜು ಎಂದಾಯಿತು.

ಶಿಕಾಗೋದ ಯೂಜೀನ್ ಫಾಮಾ 1984ರಲ್ಲಿ ಈ ಮಾತನ್ನು ಒಂಬತ್ತು ಪ್ರಮುಖ ಕರೆನ್ಸಿಗಳ ಮೇಲೆ ಪರೀಕ್ಷಿಸಿದರು. ಅವರ ವಿಧಾನವನ್ನು ಸರಳವಾಗಿ ಹೇಳುವುದಾದರೆ ಹೀಗೆ: ಬಡ್ಡಿಯ ಅಂತರ ಒಂದು ಪರ್ಸೆಂಟ್ ಹೆಚ್ಚಾದಾಗ ಆ ಕರೆನ್ಸಿ ಎಷ್ಟು ಪರ್ಸೆಂಟ್ ಅಗ್ಗವಾಯಿತು ಎಂದು ಅಳೆಯುವುದು. ಬಡ್ಡಿ ಸಮತೆ ನಿಜವಾದರೆ ಉತ್ತರ 1 ಇರಬೇಕು. ಬಡ್ಡಿಗೂ ವಿನಿಮಯ ದರಕ್ಕೂ ಸಂಬಂಧವೇ ಇಲ್ಲದಿದ್ದರೆ 0. ಫಾಮಾಗೆ ಸಿಕ್ಕಿದ್ದು ಸೊನ್ನೆಗಿಂತ ಕೆಳಗಿನ ಸಂಖ್ಯೆ. ಹೆಚ್ಚು ಬಡ್ಡಿಯ ಕರೆನ್ಸಿ ಅಗ್ಗವಾಗಲಿಲ್ಲ ಎಂಬುದಷ್ಟೇ ಅಲ್ಲ, ತುಸು ತುಟ್ಟಿಯೇ ಆಗುತ್ತಿತ್ತು. ಮುಂದೆ 1990ರಲ್ಲಿ ಕೆನೆತ್ ಫ್ರೂಟ್ ಮತ್ತು ರಿಚರ್ಡ್ ಥೇಲರ್ ಅದುವರೆಗೆ ಪ್ರಕಟವಾಗಿದ್ದ ಇಂಥ 75 ಅಂದಾಜುಗಳನ್ನು ಒಟ್ಟುಗೂಡಿಸಿದಾಗ ಸರಾಸರಿ ಬಂದದ್ದು -0.88. ಆ 75ರಲ್ಲಿ ಒಂದಾದರೂ 1ನ್ನು ಮುಟ್ಟಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಅಂದಾಜುಗಳು ಒಂದು ಸಿದ್ಧಾಂತದ ವಿರುದ್ಧ ಇಷ್ಟು ಒಮ್ಮತದಿಂದ ಸಾಕ್ಷಿ ಹೇಳುವುದು ಅಪರೂಪ.

ಆದರೆ ಈ -0.88 ಎಂಬುದನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಅದು ಸರಾಸರಿ. ತಿಂಗಳಿಂದ ತಿಂಗಳಿಗೆ ವಿನಿಮಯ ದರ ಏರಿಳಿಯುವುದರಲ್ಲಿ ಬಡ್ಡಿಯ ಅಂತರದ ಪಾಲು ತೀರಾ ಅಲ್ಪ. ಉಳಿದದ್ದೆಲ್ಲ ಸುದ್ದಿ, ಗಾಬರಿ, ತೈಲ, ಚುನಾವಣೆ, ಯುದ್ಧ. ಬಡ್ಡಿ ಆರು ಪರ್ಸೆಂಟ್ ಕೊಡುವ ವರ್ಷದಲ್ಲೇ ಬೆಲೆ ಇಪ್ಪತ್ತು ಪರ್ಸೆಂಟ್ ಅತ್ತಿತ್ತ ಹೊಯ್ದಾಡಬಹುದು. ಆದ್ದರಿಂದ ಸಿದ್ಧಾಂತ ಸೋತಿದೆ ಎಂಬುದರಿಂದ ದುಡ್ಡು ಖಚಿತ ಎಂದು ಯಾರೂ ತಿಳಿಯಬಾರದು.

ಯೆನ್ ಕಡೆಗೆ ಮರಳೋಣ. 2002ರ ಆರಂಭದಲ್ಲಿ ಒಂದು ಆಸ್ಟ್ರೇಲಿಯನ್ ಡಾಲರಿಗೆ ಸುಮಾರು 67 ಯೆನ್ ಇತ್ತು. ಅಲ್ಲಿಂದ ಐದೂವರೆ ವರ್ಷ ಬಡ್ಡಿಯ ಅಂತರ ವರ್ಷಕ್ಕೆ ಸುಮಾರು ಐದು ಪರ್ಸೆಂಟ್. ಸಿದ್ಧಾಂತದ ಪ್ರಕಾರ 2007ರ ಮಧ್ಯಕ್ಕೆ ಡಾಲರ್ 51 ಯೆನ್‌ನ ಆಸುಪಾಸಿಗೆ ಇಳಿದಿರಬೇಕು. ನಿಜದಲ್ಲಿ ಅದು 104ರ ಸುತ್ತಮುತ್ತ ಇತ್ತು, ಜುಲೈನಲ್ಲಿ 107ನ್ನೂ ಮುಟ್ಟಿತು. ಬಡ್ಡಿಯೂ ಸಿಕ್ಕಿತು, ಬೆಲೆಯೂ ಏರಿತು.

ಏರಿದ್ದಕ್ಕೆ ಕಾರಣಗಳಿದ್ದವು. ಚೀನಾ ಆಸ್ಟ್ರೇಲಿಯಾದ ಕಬ್ಬಿಣದ ಅದಿರನ್ನೂ ಕಲ್ಲಿದ್ದಲನ್ನೂ ಮುಗಿಬಿದ್ದು ಕೊಳ್ಳುತ್ತಿತ್ತು. ಗಣಿಗಳು ಭರ್ತಿಯಾಗಿ ನಡೆಯುತ್ತಿದ್ದವು, ಕೂಲಿ ಏರುತ್ತಿತ್ತು, ಹಣದುಬ್ಬರ ತಡೆಯಲು ಅಲ್ಲಿನ ರಿಸರ್ವ್ ಬ್ಯಾಂಕ್ ಬಡ್ಡಿಯನ್ನು ಏರಿಸುತ್ತಾ ಹೋಯಿತು. ಬಡ್ಡಿ ಏರಿಸಿದ್ದು ಯಾವ ಸಮೃದ್ಧಿಯೋ ಕರೆನ್ಸಿಯನ್ನು ಏರಿಸಿದ್ದೂ ಅದೇ ಸಮೃದ್ಧಿ. ಇತ್ತ ಜಪಾನ್ 2001ರಿಂದ 2006ರವರೆಗೆ ಬಡ್ಡಿಯನ್ನು ಸೊನ್ನೆಗೆ ಒತ್ತಿಹಿಡಿದಿತ್ತು.

ಅದರ ಜೊತೆಗೆ ಕ್ಯಾರಿ ಟ್ರೇಡ್ ತನ್ನನ್ನು ತಾನೇ ಮೇಲೆತ್ತಿಕೊಂಡಿತು. ಯೆನ್ ಸಾಲ ಮಾಡಿ ಡಾಲರ್ ಕೊಳ್ಳುವುದು ಎಂದರೆ ಪೇಟೆಯಲ್ಲಿ ಯೆನ್ ಮಾರುವುದು, ಡಾಲರಿಗೆ ಬೇಡಿಕೆ ತರುವುದು. ಹೆಚ್ಚು ಜನ ಹಾಗೆ ಮಾಡಿದಷ್ಟೂ ಬೆಲೆ ಅವರ ಕಡೆಗೇ ವಾಲುತ್ತದೆ. ಬೆಲೆ ವಾಲಿದ್ದನ್ನು ಕಂಡು ಇನ್ನಷ್ಟು ಜನ ಬರುತ್ತಾರೆ. ಪಠ್ಯಪುಸ್ತಕದಲ್ಲಿ ಈ ಹರಿವು ಒಂದೇ ಕ್ಷಣದಲ್ಲಿ ನಡೆದು ಮುಗಿಯುತ್ತದೆ: ಬಡ್ಡಿ ಏರಿದ ದಿನವೇ ಕರೆನ್ಸಿ ಛಂಗನೆ ಜಿಗಿದು, ಮರುದಿನದಿಂದ ನಿಧಾನವಾಗಿ ಇಳಿಯತೊಡಗಬೇಕು. ನಿಜದಲ್ಲಿ ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ಮನೆಮಂದಿಯ ಉಳಿತಾಯ ಇವೆಲ್ಲ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಡೆದು ತಡೆದು ಬರುತ್ತವೆ. ಆ ಒಂದು ದಿನದ ಜಿಗಿತ ಐದು ವರ್ಷದ ಏರಿಕೆಯಾಗಿ ಹಿಗ್ಗುತ್ತದೆ.

ಜಪಾನಿನಲ್ಲಿ ಹೀಗೆ ಬಂದವರಲ್ಲಿ ಮನೆಯ ಉಳಿತಾಯ ನೋಡಿಕೊಳ್ಳುವ ಸಾಮಾನ್ಯರೂ ಬಹಳ ಮಂದಿ. ವಿದೇಶಿ ಪತ್ರಿಕೆಗಳು ಅವರೆಲ್ಲರಿಗೂ ಸೇರಿಸಿ ಮಿಸೆಸ್ ವಟನಾಬೆ ಎಂದು ಹೆಸರಿಟ್ಟವು. 1998ರಲ್ಲಿ ಅಲ್ಲಿನ ವಿದೇಶಿ ವಿನಿಮಯ ಕಾನೂನು ಸಡಿಲವಾದ ಮೇಲೆ ಯಾರು ಬೇಕಾದರೂ ಮಾರ್ಜಿನ್ ಖಾತೆ ತೆರೆದು ಕರೆನ್ಸಿ ವ್ಯಾಪಾರ ಮಾಡಬಹುದಾಗಿತ್ತು. ಬ್ಯಾಂಕಿನಲ್ಲಿಟ್ಟ ಯೆನ್‌ಗೆ ಬಡ್ಡಿ ಎಂಬುದೇ ಇರಲಿಲ್ಲ. ನಮ್ಮ ಲೆಕ್ಕದ ಒಂದು ಲಕ್ಷ ಡಾಲರನ್ನು ಅಂಥ ಖಾತೆಯಲ್ಲಿ ಇಟ್ಟುಕೊಂಡರೆ ಬಡ್ಡಿಯ ಅಂತರ ದಿನದಿನಕ್ಕೆ ಲೆಕ್ಕವಾಗಿ ಖಾತೆಗೆ ಜಮೆಯಾಗುತ್ತದೆ. ವರ್ಷಕ್ಕೆ ಆರು ಲಕ್ಷ ಎಂದರೆ ದಿನಕ್ಕೆ 1,600 ಯೆನ್ ಚಿಲ್ಲರೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಅಷ್ಟು ಹಣ ಬಂದಿರುತ್ತದೆ. ವರ್ಷಗಟ್ಟಲೆ ಹೀಗೆ ಬಂದ ಹಣವನ್ನು ಯಾರು ಅಪಾಯದ ಹಣ ಎಂದುಕೊಂಡಾರು?

ಒಂದು ಕೋಟಿಯ ವ್ಯವಹಾರಕ್ಕೆ ಒಂದು ಕೋಟಿ ಕೈಯಲ್ಲಿರಬೇಕಿಲ್ಲ. ಹತ್ತು ಪಟ್ಟು ವ್ಯವಹಾರಕ್ಕೆ ಅವಕಾಶವಿದ್ದರೆ ಹತ್ತು ಲಕ್ಷ ಯೆನ್ ಮಾರ್ಜಿನ್ ಸಾಕು. ಹತ್ತು ಲಕ್ಷಕ್ಕೆ ವರ್ಷಕ್ಕೆ ಆರು ಲಕ್ಷ ಎಂದರೆ ಶೇ 60ರ ಗಳಿಕೆ. ಈಗ ಇನ್ನೊಂದು ಮಗ್ಗುಲಿಂದ ನೋಡಿ. ಡಾಲರ್ ಒಂದೇ ಒಂದು ಯೆನ್ ಇಳಿದರೆ, ಅಂದರೆ 100ರಿಂದ 99ಕ್ಕೆ ಬಂದರೆ, ನಷ್ಟ ಒಂದು ಲಕ್ಷ ಯೆನ್. ಅದು ಎರಡು ತಿಂಗಳ ಬಡ್ಡಿ. 90ಕ್ಕೆ ಇಳಿದರೆ ಮಾರ್ಜಿನ್ ಪೂರ್ತಿ ಖಾಲಿ. ಸಿದ್ಧಾಂತದ 94.37 ವರ್ಷದ ಕೊನೆಯ ಲೆಕ್ಕ. ಸಾಲದ ಮೇಲೆ ನಿಂತವರಿಗೆ ವರ್ಷದ ಕೊನೆಯವರೆಗೆ ಉಳಿಯುವುದೇ ದೊಡ್ಡ ಸವಾಲು. ಮಾರ್ಜಿನ್ ಕರಗುತ್ತಿದ್ದಂತೆ ದಲ್ಲಾಳಿ ಸಂಸ್ಥೆಯ ಕಂಪ್ಯೂಟರ್ ತಾನಾಗಿಯೇ ಡಾಲರನ್ನು ಮಾರಿ ಖಾತೆ ಮುಚ್ಚುತ್ತದೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿಯುತ್ತದೆ, ಇನ್ನೊಬ್ಬರ ಮಾರ್ಜಿನ್ ಖಾಲಿಯಾಗುತ್ತದೆ, ಅವರ ಡಾಲರೂ ಮಾರಾಟಕ್ಕೆ ಬರುತ್ತದೆ. ಏರುವಾಗ ವರ್ಷಗಟ್ಟಲೆ ನಡೆದ ಸರಪಳಿ ಇಳಿಯುವಾಗ ಗಂಟೆಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಜಪಾನ್ ಸರ್ಕಾರ ಮುಂದೆ 2010ರಲ್ಲಿ ಇಂಥ ವ್ಯವಹಾರವನ್ನು ಮಾರ್ಜಿನ್ನಿನ 50 ಪಟ್ಟಿಗೆ, 2011ರಲ್ಲಿ 25 ಪಟ್ಟಿಗೆ ಮಿತಿಗೊಳಿಸಿತು. ಅದಕ್ಕೂ ಮೊದಲು ಎಷ್ಟರ ಮಟ್ಟಿಗೆ ಹೋಗಿತ್ತು ಎಂಬುದನ್ನು ಇದರಿಂದಲೇ ಊಹಿಸಬಹುದು.

2007ರ ಆಗಸ್ಟ್‌ನಲ್ಲೇ ಒಂದು ಮುನ್ಸೂಚನೆ ಸಿಕ್ಕಿತ್ತು. ಅಮೆರಿಕದ ಗೃಹಸಾಲದ ಗಲಾಟೆ ಹಬ್ಬಿ, ಕೆಲವೇ ವಾರಗಳಲ್ಲಿ ಡಾಲರ್ 107ರ ಮಟ್ಟದಿಂದ 90 ಯೆನ್‌ಗಿಂತ ಕೆಳಕ್ಕೆ ಜಾರಿತು. ಆಸ್ಟ್ರೇಲಿಯಾ ಬಡ್ಡಿ ಏರಿಸಿದ ತಿಂಗಳಲ್ಲೇ ಇದಾಯಿತು ಎಂಬುದನ್ನು ಗಮನಿಸಬೇಕು. ಆಮೇಲೆ ಚೇತರಿಸಿಕೊಂಡು 2008ರ ಜುಲೈ ಹೊತ್ತಿಗೆ ಮತ್ತೆ 100ರ ಮೇಲೆ ಬಂತು. ಆಸ್ಟ್ರೇಲಿಯಾದ ಬಡ್ಡಿ ಆಗ ಶೇ 7.25. ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಬಿತ್ತು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಒಂದು ಹಂತದಲ್ಲಿ ಬೆಲೆ 55 ಯೆನ್‌ನ ಆಸುಪಾಸಿಗೆ ಕುಸಿದಿತ್ತು. ಮೂರು ತಿಂಗಳಲ್ಲಿ ಹತ್ತಿರಹತ್ತಿರ ಅರ್ಧ. ಅಕ್ಟೋಬರ್ 7ರಂದು ಆಸ್ಟ್ರೇಲಿಯಾ ಒಂದೇ ಸಲಕ್ಕೆ ಒಂದು ಪರ್ಸೆಂಟ್ ಬಡ್ಡಿ ಇಳಿಸಿತು. ತನ್ನ ಕರೆನ್ಸಿಯನ್ನು ತಾನೇ ಕೊಂಡು ಪೇಟೆಯನ್ನು ಸಮಾಧಾನಪಡಿಸಲೂ ನೋಡಿತು. ಅಕ್ಟೋಬರ್ 27ರಂದು ಜಿ7 ದೇಶಗಳ ಹಣಕಾಸು ಸಚಿವರು ಯೆನ್‌ನ ಹೆಸರು ಹಿಡಿದೇ ಆತಂಕದ ಹೇಳಿಕೆ ಕೊಟ್ಟರು. ಜಪಾನಿನ ಅರ್ಥವ್ಯವಸ್ಥೆಗೇನೂ ಹೊಸ ಬಲ ಬಂದಿರಲಿಲ್ಲ. ಯೆನ್ ಏರಿದ್ದು ಸಾಲ ಮಾಡಿದವರೆಲ್ಲ ಒಟ್ಟಿಗೇ ಅದನ್ನು ಕೊಂಡು ತೀರಿಸಲು ಹೊರಟದ್ದರಿಂದ.

ಹಾಗಾದರೆ ಬಡ್ಡಿ ಸಮತೆ ಕೊನೆಗೂ ಗೆದ್ದಿತು, ಐದು ವರ್ಷದ ಬಾಕಿಯನ್ನು ಮೂರು ತಿಂಗಳಲ್ಲಿ ವಸೂಲಿ ಮಾಡಿತು ಎಂದು ಅನೇಕರು ಬರೆದರು. ಈ ತೀರ್ಮಾನ ನನಗೆ ಅವಸರದ್ದು ಎನಿಸುತ್ತದೆ. 2002ರ ಆರಂಭದಲ್ಲಿ 67 ಯೆನ್‌ಗೆ ಡಾಲರ್ ಕೊಂಡವರ ಲಾಭನಷ್ಟದ ಗೆರೆ, ವರ್ಷಕ್ಕೆ ಐದು ಪರ್ಸೆಂಟಿನಂತೆ ಇಳಿಯುತ್ತಾ ಬಂದು, 2008ರ ಅಕ್ಟೋಬರ್‌ಗೆ 48 ಯೆನ್‌ನ ಹತ್ತಿರ ಇರುತ್ತದೆ. ಪೇಟೆಯ ಅತ್ಯಂತ ಕೆಟ್ಟ ಘಳಿಗೆಯಲ್ಲೂ ಬೆಲೆ 55. ಸ್ವಂತ ದುಡ್ಡಿನಲ್ಲಿ, ಸಾಲದ ಪಟ್ಟುಗಳಿಲ್ಲದೆ ಹೋದವರು ಆ ದಿನವೂ ಲಾಭದಲ್ಲೇ ಇದ್ದರು. ಒಂದು ವರ್ಷ ಕಾದಿದ್ದರೆ ಬೆಲೆ ಮತ್ತೆ 80ರ ಮೇಲೆ ಬಂದಿತ್ತು. ಮುಳುಗಿದವರು 2007ರಲ್ಲಿ ಬಂದವರು ಮತ್ತು ಹತ್ತು ಪಟ್ಟು, ಇಪ್ಪತ್ತು ಪಟ್ಟು ಸಾಲದ ಮೇಲೆ ನಿಂತವರು. ಕುಸಿತ ಬಂದೇ ಬರುತ್ತದೆ, ಅದು ಬಂದಾಗ ಎಲ್ಲ ಸರಿಹೋಗುತ್ತದೆ ಎಂಬ ವಿವರಣೆಗೆ ಈ ಕುಸಿತದ ಗಾತ್ರ ಸಾಲದು.

ಆ ವಿವರಣೆಗೆ ಹಳೆಯ ಹೆಸರೊಂದಿದೆ, ಪೆಸೊ ಪ್ರಾಬ್ಲೆಮ್. ಮೆಕ್ಸಿಕೊ 1954ರಿಂದ ಒಂದು ಅಮೆರಿಕನ್ ಡಾಲರಿಗೆ 12.5 ಪೆಸೊ ಎಂದು ದರ ಕಟ್ಟಿಹಾಕಿತ್ತು. ದರ ಕದಲದಿದ್ದರೂ ಪೆಸೊ ಠೇವಣಿಗೆ ಬಡ್ಡಿ ಹೆಚ್ಚಿತ್ತು. ವರ್ಷಗಟ್ಟಲೆ ಅದು ಬಿಟ್ಟಿ ಹಣದಂತೆ ಕಂಡಿತು. 1976ರ ಆಗಸ್ಟ್‌ನಲ್ಲಿ ಕಟ್ಟು ಬಿಚ್ಚಿತು, ಪೆಸೊ ಬಿದ್ದಿತು. 1975ರವರೆಗಿನ ಅಂಕಿಅಂಶ ಮಾತ್ರ ನೋಡಿದವರಿಗೆ ಪೇಟೆಯವರು ಇಲ್ಲದ ಭಯಕ್ಕೆ ಬಡ್ಡಿ ಕೇಳುತ್ತಿದ್ದಾರೆ ಎನಿಸುತ್ತಿತ್ತು. ಭಯ ನಿಜವೇ ಆಗಿತ್ತು, ಘಟನೆ ಮಾತ್ರ ಇನ್ನೂ ನಡೆದಿರಲಿಲ್ಲ. ಕಟ್ಟಿಹಾಕಿದ ದರಗಳಿಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ಆದರೆ 1973ರಿಂದ ತೇಲುತ್ತಿರುವ ದೊಡ್ಡ ಕರೆನ್ಸಿಗಳಲ್ಲಿ ಕುಸಿತಗಳು ಬೇಕಾದಷ್ಟು ನಡೆದಿವೆ. ಅವನ್ನೆಲ್ಲ ಸೇರಿಸಿ ಕೂಡಿದರೂ ಕ್ಯಾರಿ ಟ್ರೇಡ್‌ನ ಸರಾಸರಿ ಲಾಭ ಅಳಿಯುವುದಿಲ್ಲ.

ಹಾಗಿದ್ದರೆ ಉಳಿದ ಲಾಭ ಯಾವುದರ ಸಂಬಳ? ಇಲ್ಲಿ ಕುಸಿತದ ಗಾತ್ರಕ್ಕಿಂತ ಅದು ಬರುವ ಹೊತ್ತು ಮುಖ್ಯ ಎಂಬುದು ನನ್ನ ಎಣಿಕೆ, ಇತ್ತೀಚಿನ ಸಂಶೋಧನೆಯ ಒಲವೂ ಬಹುಮಟ್ಟಿಗೆ ಅತ್ತಲೇ. 2008ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯನ್ ಡಾಲರ್ ಒಂದೇ ಬೀಳಲಿಲ್ಲ. ಷೇರು ಬಿದ್ದವು, ಮನೆಗಳ ಬೆಲೆ ಬಿತ್ತು, ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸಿದವು, ಕೆಲಸಗಳು ಹೋದವು. ಕೈಯಲ್ಲಿ ಒಂದು ಲಕ್ಷ ಯೆನ್ ಇರುವುದಕ್ಕೆ ಮಾಮೂಲಿ ದಿನಗಳಿಗಿಂತ ಎಷ್ಟೋ ಪಟ್ಟು ಬೆಲೆ ಇದ್ದ ತಿಂಗಳು ಅದು. ಆ ತಿಂಗಳಲ್ಲೇ ಕ್ಯಾರಿ ಟ್ರೇಡ್ ನಷ್ಟ ತಂದಿತು, ಸಾಲವಾಗಿ ತೆಗೆದಿದ್ದ ಯೆನ್ ತುಟ್ಟಿಯಾಯಿತು. ಇದು ಕಾಕತಾಳೀಯ ಅಲ್ಲ. ಅದಿರು ಮಾರಿ ಬದುಕುವ ದೇಶದ ಕರೆನ್ಸಿ ಜಗತ್ತಿನ ಕಾರ್ಖಾನೆಗಳು ನಿಂತಾಗ ಬೀಳಲೇಬೇಕು. ಜಗತ್ತಿಗೆಲ್ಲ ಸಾಲ ಕೊಟ್ಟ ಜಪಾನಿನ ಕರೆನ್ಸಿ, ದುಡ್ಡು ಮನೆಗೆ ಮರಳುವ ಹೊತ್ತಿನಲ್ಲಿ ಏರುತ್ತದೆ. ಹೆಚ್ಚು ಬಡ್ಡಿಯ ಕರೆನ್ಸಿ ಹಿಡಿದವರು ಒಂದು ಅರ್ಥದಲ್ಲಿ ವಿಮೆ ಮಾರುವವರು: ಮಾಮೂಲಿ ವರ್ಷಗಳಲ್ಲಿ ಪ್ರೀಮಿಯಂ ಎಣಿಸುತ್ತಾರೆ, ಎಲ್ಲರ ಮನೆಗೂ ಒಟ್ಟಿಗೇ ಬೆಂಕಿ ಬಿದ್ದ ವರ್ಷ ಪರಿಹಾರ ಕಟ್ಟುತ್ತಾರೆ. ಆ ವರ್ಷ ಅವರ ಮನೆಯೂ ಉರಿಯುತ್ತಿರುತ್ತದೆ. ಅಂಥ ವ್ಯವಹಾರಕ್ಕೆ ಸರಾಸರಿ ಲಾಭವಿಲ್ಲದೆ ಯಾರು ಇಳಿಯುತ್ತಾರೆ?

ಬಡ್ಡಿ ಸಮತೆಯ ವಾದ ಎಲ್ಲಿ ಎಡವುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಹೂಡಿಕೆದಾರರಿಗೆ ಸರಾಸರಿ ಒಂದೇ ಮುಖ್ಯ, ಅಪಾಯಕ್ಕೆ ಅವರು ಬೆಲೆ ಕೇಳುವುದಿಲ್ಲ ಎಂದು ಅದು ಸದ್ದಿಲ್ಲದೆ ಒಪ್ಪಿಕೊಂಡಿದೆ. ಅಪಾಯಕ್ಕೆ ಬೆಲೆ ಇದೆ ಎಂದ ಕೂಡಲೇ ಬಡ್ಡಿಯ ಅಂತರ ಎರಡು ಭಾಗವಾಗುತ್ತದೆ: ಕರೆನ್ಸಿ ಅಗ್ಗವಾಗುವ ನಿರೀಕ್ಷೆ ಒಂದು, ಹೊತ್ತಲ್ಲದ ಹೊತ್ತಿನ ನಷ್ಟವನ್ನು ಹೊರುವುದರ ಸಂಬಳ ಇನ್ನೊಂದು. ಹಣದುಬ್ಬರ ಹದ್ದುಬಸ್ತಿನಲ್ಲಿರುವ ದೇಶಗಳ ನಡುವೆ ಮೊದಲ ಭಾಗ ಸಣ್ಣದು. ಹಣದುಬ್ಬರ ಹರಿದಾಡುವ ದೇಶಗಳಲ್ಲಿ ಅದೇ ಮುಖ್ಯ, ಆದ್ದರಿಂದ ಅಲ್ಲಿ ಹೆಚ್ಚು ಬಡ್ಡಿಯ ಕರೆನ್ಸಿ ಸಿದ್ಧಾಂತ ಹೇಳಿದಂತೆ ಬೀಳುತ್ತದೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿಯೇ. 2020ರ ಕೊನೆಗೆ ಟರ್ಕಿಯ ಬಡ್ಡಿದರ ಶೇ 17, ಒಂದು ಅಮೆರಿಕನ್ ಡಾಲರಿಗೆ ಸುಮಾರು 7.4 ಲಿರಾ. ಒಂದು ವರ್ಷ ಕಳೆಯುವಷ್ಟರಲ್ಲಿ ಡಾಲರಿಗೆ 13 ಲಿರಾ ದಾಟಿತ್ತು. 17 ಪರ್ಸೆಂಟ್ ಬಡ್ಡಿಗೆ ಆಸೆಪಟ್ಟವರು ಅಸಲಿನಲ್ಲಿ 40 ಪರ್ಸೆಂಟಿಗಿಂತ ಹೆಚ್ಚು ಕಳೆದುಕೊಂಡರು. ಹೀಗಾಗಿ ಬಡ್ಡಿ ಎಷ್ಟು ಎಂಬುದಕ್ಕಿಂತ ಅದು ಯಾವ ಕಾರಣಕ್ಕೆ ಹೆಚ್ಚಿದೆ ಎಂದು ಮೊದಲು ಕೇಳಬೇಕು.

ಅವಧಿ ಉದ್ದವಾದಷ್ಟೂ ಸಿದ್ಧಾಂತದ ಮಾತು ನಿಜಕ್ಕೆ ಹತ್ತಿರವಾಗುತ್ತದೆ. ಮೆಂಜಿ ಚಿನ್ ಮತ್ತು ಗೈ ಮೆರೆಡಿತ್ ತಿಂಗಳ ಬಡ್ಡಿ ಬಿಟ್ಟು ಐದು, ಹತ್ತು ವರ್ಷದ ಬಾಂಡ್‌ಗಳ ಬಡ್ಡಿಯನ್ನು ತೆಗೆದುಕೊಂಡು ನೋಡಿದಾಗ ಫಾಮಾ ಅವರ ಆ ಸಂಖ್ಯೆ ಸೊನ್ನೆಯ ಮೇಲೆ ಬಂದು 1ರ ಕಡೆಗೆ ಸರಿಯಿತು. ಹತ್ತು ವರ್ಷದಲ್ಲಿ ಬೆಲೆಗಳ ಏರಿಕೆಯ ವ್ಯತ್ಯಾಸವೇ ಕರೆನ್ಸಿಯನ್ನು ಎಳೆಯುತ್ತದೆ; ಒಂದು ವರ್ಷದಲ್ಲಿ ಹಣದ ಹರಿವೂ ಭಯವೂ ಎಳೆಯುತ್ತವೆ. ಇನ್ನೊಂದು ತೊಡಕೂ ಇದೆ. 2008ರ ನಂತರದ ವರ್ಷಗಳನ್ನು ಪ್ರತ್ಯೇಕವಾಗಿ ತೆಗೆದುಕೊಂಡರೆ ಅನೇಕ ಕರೆನ್ಸಿಗಳಲ್ಲಿ ಆ ಸಂಖ್ಯೆ ಋಣದಿಂದ ಧನಕ್ಕೆ ತಿರುಗಿ 1ನ್ನೂ ದಾಟಿತು. ಚಿನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಹೊಸ ಒಗಟು ಎಂದೇ ಕರೆದಿದ್ದಾರೆ. ಅಪಾಯದ ಬೆಲೆ ಕಾಲದಿಂದ ಕಾಲಕ್ಕೆ ಬದಲಾಗುವಂಥದ್ದಾದರೆ ಇಂಥ ಹೊರಳು ಅಚ್ಚರಿಯೇನಲ್ಲ. ಆದರೆ ಮುಂದಿನ ಹೊರಳು ಯಾವಾಗ ಎಂದು ಹೇಳುವ ಸೂತ್ರ ಯಾರ ಬಳಿಯೂ ಇಲ್ಲ.

ನಮ್ಮ ರೂಪಾಯಿಯ ಮಾತಿಗೆ ಬಂದರೆ, ಬೆಂಗಳೂರಿನ ರಫ್ತು ಕಂಪನಿಗಳ ಲೆಕ್ಕ ವಿಭಾಗದಲ್ಲಿ ಈ ಪ್ರಶ್ನೆ ಪ್ರತಿ ತಿಂಗಳೂ ಎದುರಾಗುತ್ತದೆ. ಡಾಲರಿಗೆ ಇವತ್ತು 84 ರೂಪಾಯಿ, ಭಾರತದ ಬಡ್ಡಿ ಅಮೆರಿಕಕ್ಕಿಂತ ಎರಡು ಪರ್ಸೆಂಟ್ ಹೆಚ್ಚು ಎಂದಿಟ್ಟುಕೊಂಡರೆ, ಒಂದು ವರ್ಷದ ಫಾರ್ವರ್ಡ್ ದರ 85.60ರ ಆಸುಪಾಸಿನಲ್ಲಿರುತ್ತದೆ. ಇದನ್ನು ನೋಡಿ ರೂಪಾಯಿ ಅಲ್ಲಿಗೆ ಇಳಿಯುತ್ತದೆ ಎಂದು ಪೇಟೆ ಹೇಳುತ್ತಿದೆ ಎಂದುಕೊಳ್ಳುವವರಿದ್ದಾರೆ. ಪೇಟೆ ಹಾಗೇನೂ ಹೇಳುತ್ತಿಲ್ಲ. ಅದು ಎರಡು ಬಡ್ಡಿಗಳ ಭಾಗಾಕಾರ. 2003ರಿಂದ 2007ರವರೆಗೆ ಭಾರತದ ಬಡ್ಡಿ ಅಮೆರಿಕಕ್ಕಿಂತ ಹೆಚ್ಚೇ ಇತ್ತು. ಡಾಲರ್ ಮಾತ್ರ 48 ರೂಪಾಯಿಯಿಂದ 40ಕ್ಕಿಂತ ಕೆಳಗೆ ಬಂದು, ಡಾಲರಿನಲ್ಲಿ ಗಳಿಸಿ ರೂಪಾಯಿಯಲ್ಲಿ ಸಂಬಳ ಕೊಡುವ ಸಾಫ್ಟ್‌ವೇರ್ ಕಂಪನಿಗಳು ಕಂಗಾಲಾದವು. ಫಾರ್ವರ್ಡ್‌ನಲ್ಲಿ ಡಾಲರ್ ಮಾರಿಟ್ಟವರಿಗೆ ಪ್ರೀಮಿಯಮ್ಮೂ ಸಿಕ್ಕಿತು, ರಕ್ಷಣೆಯೂ ಸಿಕ್ಕಿತು. 2013ರಲ್ಲಿ ತದ್ವಿರುದ್ಧ: ಮೇ ತಿಂಗಳಲ್ಲಿ 55ರ ಸುತ್ತ ಇದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಎರಡೂ ಸಲ ಫಾರ್ವರ್ಡ್ ದರ ತೋರಿಸಿದ ದಾರಿಗೂ ರೂಪಾಯಿ ನಡೆದ ದಾರಿಗೂ ಸಂಬಂಧವಿರಲಿಲ್ಲ. ಮೆಲ್ಬರ್ನ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದುಕೊಂಡು ಊರಿನ ಬ್ಯಾಂಕಿನಲ್ಲಿ ರೂಪಾಯಿಯ ಎನ್‌ಆರ್‌ಇ ಠೇವಣಿ ಇಡುವ ಕನ್ನಡಿಗರೂ ಇಂಥದ್ದೇ ಸ್ಥಾನದಲ್ಲಿರುತ್ತಾರೆ. ಊರಿನಲ್ಲಿ ಮನೆ ಕಟ್ಟಲು ಅದೇ ರೂಪಾಯಿ ಖರ್ಚಾಗುವುದಾದರೆ ಅದರಲ್ಲಿ ಅಪಾಯ ಕಡಿಮೆ. ಮತ್ತೆ ಡಾಲರಿಗೆ ಬದಲಿಸಿ ಒಯ್ಯುವ ಲೆಕ್ಕವಿದ್ದರೆ ಅದು ಕ್ಯಾರಿ ಟ್ರೇಡೇ. ಸಾಲ ಮಾಡದೆ ಇಟ್ಟಿದ್ದರೆ, ಬೆಲೆ ಬಿದ್ದಾಗ ಕಾಯುವ ತ್ರಾಣವಾದರೂ ಇರುತ್ತದೆ.

ಕುಸಿತ ಹತ್ತಿರ ಬಂದಿದೆಯೇ ಎಂದು ತಿಳಿಯಲು ಪೇಟೆಯವರು ಮುಖ್ಯವಾಗಿ ಎರಡು ಕಡೆ ನೋಡುತ್ತಾರೆ. ಅಮೆರಿಕದ ಫ್ಯೂಚರ್ಸ್ ಪೇಟೆಯಲ್ಲಿ ಯೆನ್ ವಿರುದ್ಧ ಎಷ್ಟು ಸಟ್ಟಾ ಒಪ್ಪಂದಗಳಿವೆ ಎಂಬ ವಾರದ ಪ್ರಕಟಣೆ ಒಂದು. ಯೆನ್ ಹಠಾತ್ತಾಗಿ ಏರಿದರೆ ರಕ್ಷಣೆ ಕೊಡುವ ಆಪ್ಷನ್, ಇಳಿದರೆ ರಕ್ಷಣೆ ಕೊಡುವ ಆಪ್ಷನ್‌ಗಿಂತ ಎಷ್ಟು ತುಟ್ಟಿ ಎಂಬುದು ಇನ್ನೊಂದು. ಬ್ರುನರ್‌ಮೈಯರ್, ನಾಗೆಲ್, ಪೆಡರ್ಸನ್ ಎಂಬ ಮೂವರು ಸಂಶೋಧಕರು 2008ರ ಸುಮಾರಿಗೆ ತೋರಿಸಿದ್ದೂ ಇದನ್ನೇ: ಬಡ್ಡಿಯ ಅಂತರ ಹೆಚ್ಚಿದ ಕಡೆ ಸಟ್ಟಾ ಹಣ ಹೆಚ್ಚು ತುಂಬಿಕೊಳ್ಳುತ್ತದೆ, ಹೀಗೆ ತುಂಬಿಕೊಂಡ ಕರೆನ್ಸಿ ಹಠಾತ್ತಾಗಿ ಬೀಳುವ ಸಂಭವವೂ ಹೆಚ್ಚು. ಈ ಸೂಚನೆಗಳು ಕಟ್ಟಿಗೆ ಎಷ್ಟು ಒಣಗಿದೆ ಎಂದು ಹೇಳಬಲ್ಲವು. ಕಿಡಿ ಬೀಳುವ ದಿನವನ್ನು ಹೇಳಲಾರವು.

2024ರ ಮಧ್ಯಭಾಗದಲ್ಲಿ ಎರಡೂ ಸೂಚನೆಗಳು ಕಣ್ಣ ಮುಂದಿದ್ದವು. ಆಸ್ಟ್ರೇಲಿಯಾದ ಬಡ್ಡಿ ಶೇ 4.35, ಜಪಾನಿನದು ಶೇ 0.1ರೊಳಗೆ, ಆಸ್ಟ್ರೇಲಿಯನ್ ಡಾಲರ್ ಜುಲೈನಲ್ಲಿ 109 ಯೆನ್ ಮುಟ್ಟಿತ್ತು. ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ತನ್ನ ದರವನ್ನು ಶೇ 0.25ಕ್ಕೆ ಏರಿಸಿತು. ಏರಿಕೆ ಕಾಲು ಪರ್ಸೆಂಟೂ ಇಲ್ಲ. ಅದೇ ವಾರ ಅಮೆರಿಕದ ಉದ್ಯೋಗದ ಅಂಕಿಗಳು ನಿರೀಕ್ಷೆಗಿಂತ ಕೆಟ್ಟದಾಗಿ ಬಂದವು. ಆಗಸ್ಟ್ 5ರ ಸೋಮವಾರ ಟೋಕಿಯೊದ ನಿಕ್ಕೈ ಸೂಚ್ಯಂಕ ಒಂದೇ ದಿನದಲ್ಲಿ ಶೇ 12.4 ಕುಸಿಯಿತು. ಆಸ್ಟ್ರೇಲಿಯನ್ ಡಾಲರ್ 90 ಯೆನ್‌ನ ಹತ್ತಿರಕ್ಕೆ ಬಿತ್ತು. ಮೂರೂವರೆ ವಾರದಲ್ಲಿ ಹೋದದ್ದು ನಾಲ್ಕು ವರ್ಷದ ಬಡ್ಡಿ. ಆಗಸ್ಟ್ 7ರಂದು ಬ್ಯಾಂಕಿನ ಡೆಪ್ಯುಟಿ ಗವರ್ನರ್ ಶಿನಿಚಿ ಉಚಿದಾ, ಪೇಟೆ ಅಸ್ಥಿರವಾಗಿರುವಾಗ ಬಡ್ಡಿ ಏರಿಸುವುದಿಲ್ಲ ಎಂದರು. ಯೆನ್ ಏರಿಕೆ ಅಲ್ಲಿಗೆ ತಗ್ಗಿತು, ಪೇಟೆ ನಿಧಾನವಾಗಿ ಶಾಂತವಾಯಿತು. ಕಡಿಮೆ ಬಡ್ಡಿಯನ್ನು ನಂಬಿ ಮಾಡಿದ ಸಾಲದ ರಾಶಿ ಅಷ್ಟು ದೊಡ್ಡದಾದ ಮೇಲೆ, ಬಡ್ಡಿಯನ್ನು ಯಾವ ವೇಗದಲ್ಲಿ ಏರಿಸಬೇಕು ಎಂದು ಕೇಂದ್ರ ಬ್ಯಾಂಕ್ ನಿರ್ಧರಿಸುವಾಗ ಆ ರಾಶಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿ ಬಂತು. ಬಡ್ಡಿ ಸಮತೆಯ ಸೂತ್ರದಲ್ಲಿ ಬಡ್ಡಿ ಎಂಬುದು ಹೊರಗಿನಿಂದ ಬಂದ ಸಂಖ್ಯೆ, ವಿನಿಮಯ ದರ ಅದಕ್ಕೆ ಹೊಂದಿಕೊಳ್ಳುತ್ತದೆ. ಆ ವಾರ ವಿನಿಮಯ ದರ ಮುಂದೆ ಹೋಯಿತು, ಬಡ್ಡಿ ಅದರ ಹಿಂದೆ ನಿಂತು ಕಾಯಿತು.